ಪದಚರ್ಚೆ: ‘ಕ್ರೊಮ್ಯಾಟಿಕ್ ನಂಬರ್’ ಎಂಬುದಕ್ಕೆ ಗೋಡೆಹಾಳೆಯಲ್ಲಿ ಏನೆಂದು ಬರೆಯಲಿ?

ಗಂಗಾವತಿಯಿಂದ, ಗಣಿತ ಉಪನ್ಯಾಸಕಿ:

ಮಾನ್ಯರೇ, ಡಿಸೆಂಬರ್ 22ರ ಗಣಿತ ದಿನಕ್ಕಾಗಿ ನಮ್ಮ ಕಾಲೇಜಿನ ಗೋಡೆಗೆ ಹಚ್ಚುವ ದೊಡ್ಡ ಹಾಳೆಯೊಂದನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಶುಕ್ರವಾರ ಸಂಜೆಯೊಳಗೆ ಅದು ಮುದ್ರಣಕ್ಕೆ ಹೋಗಬೇಕಾಗಿದೆ. ಗ್ರಾಫಿನ ಬಿಂದುಗಳಿಗೆ ಬಣ್ಣ ಹಚ್ಚುವ ವಿಷಯವನ್ನು ಮರುಪರೀಕ್ಷೆಯ ವೇಳಾಪಟ್ಟಿಯ ಮೂಲಕ ಹೇಳಿದ್ದೇನೆ. ಒಂದೊಂದು ಪತ್ರಿಕೆಗೆ ಒಂದೊಂದು ಬಿಂದು. ಎರಡು ಪತ್ರಿಕೆಗಳನ್ನೂ ಬರೆಯಬೇಕಾದ ವಿದ್ಯಾರ್ಥಿ ಒಬ್ಬನಿದ್ದರೂ ಆ ಬಿಂದುಗಳ ನಡುವೆ ಒಂದು ಗೆರೆ. ಗೆರೆಯ ಎರಡು ತುದಿಗಳಿಗೆ ಒಂದೇ ಬಣ್ಣ ಬರಬಾರದು. ಬಣ್ಣವೆಂದರೆ ಪರೀಕ್ಷೆಯ ಪಾಳಿ.

ನನ್ನ ಉದಾಹರಣೆಯಲ್ಲಿ ಆರು ಪತ್ರಿಕೆಗಳಿವೆ. ಭೌತಶಾಸ್ತ್ರಕ್ಕೂ ರಸಾಯನಶಾಸ್ತ್ರಕ್ಕೂ, ರಸಾಯನಕ್ಕೂ ಸಸ್ಯಶಾಸ್ತ್ರಕ್ಕೂ, ಸಸ್ಯಶಾಸ್ತ್ರಕ್ಕೂ ಅರ್ಥಶಾಸ್ತ್ರಕ್ಕೂ, ಅರ್ಥಶಾಸ್ತ್ರಕ್ಕೂ ಕಂಪ್ಯೂಟರಿಗೂ, ಕಂಪ್ಯೂಟರಿಗೂ ಭೌತಶಾಸ್ತ್ರಕ್ಕೂ ಗೆರೆಗಳಿದ್ದು, ಈ ಐದು ಒಂದು ಬಳೆಯಂತೆ ನಿಲ್ಲುತ್ತವೆ. ಆರನೆಯದಾದ ಇಂಗ್ಲಿಷ್ ನಡುವೆ ಕುಳಿತು ಐದರೊಂದಿಗೂ ಗೆರೆ ಹೊಂದಿದೆ. ಇಷ್ಟನ್ನು ಮುಗಿಸಲು ಕಡಿಮೆಯೆಂದರೆ ಎಷ್ಟು ಪಾಳಿಗಳು ಬೇಕೋ ಆ ಸಂಖ್ಯೆಗೆ ಇಂಗ್ಲಿಷಿನಲ್ಲಿ ಕ್ರೊಮ್ಯಾಟಿಕ್ ನಂಬರ್ ಎನ್ನುತ್ತಾರೆ. ಕನ್ನಡದಲ್ಲಿ ‘ಬಣ್ಣಸಂಖ್ಯೆ’ ಎಂದು ಬರೆದಿದ್ದೇನೆ. ಇದು ಸರಿಯೇ? ಗ್ರಾಫ್ ಎಂಬುದನ್ನು ಹಾಗೆಯೇ ಬಿಡಬಹುದೇ?

ಕೊಪ್ಪಳದಿಂದ, ಕನ್ನಡ ಅಧ್ಯಾಪಕ:

ಬಣ್ಣಸಂಖ್ಯೆ ಅರಿಸಮಾಸ. ಬಣ್ಣವೆಂಬುದು ‘ವರ್ಣ’ದ ತದ್ಭವ, ಸಂಖ್ಯೆಯೆಂಬುದು ತತ್ಸಮ; ಇವೆರಡನ್ನೂ ಹೀಗೆ ಕೂಡಿಸುವುದನ್ನು ಕೇಶಿರಾಜನೇ ಒಪ್ಪಿಲ್ಲ. ‘ವರ್ಣಾಂಕ’ ಎಂದು ಬರೆಯಿರಿ. ಸವರ್ಣದೀರ್ಘವೂ ಕೂಡಿಬರುತ್ತದೆ, ಪದವೂ ಗಿಡ್ಡದಾಗಿದೆ. ಇದರ ಮೇಲೆ ಚರ್ಚೆಯ ಅಗತ್ಯ ನನಗೆ ಕಾಣುವುದಿಲ್ಲ.

ಸಿಂಧನೂರಿನಿಂದ:

ಗೋಡೆಯ ಮುಂದೆ ನಿಂತು ಓದುವವರು ಹಳ್ಳಿಗಳಿಂದ ಬಂದ ಮಕ್ಕಳು. ವರ್ಣವೆಂದರೆ ಅವರಿಗೆ ಮೊದಲು ವರ್ಣಮಾಲೆ ನೆನಪಾಗುತ್ತದೆ, ಆಮೇಲೆ ಜಾತಿ. ವಿಜ್ಞಾನ ಓದಿದವರಾದರೆ ವರ್ಣತಂತು. ಜೀವಶಾಸ್ತ್ರದ ವಿದ್ಯಾರ್ಥಿಯೊಬ್ಬ ವರ್ಣಾಂಕವನ್ನು ವರ್ಣತಂತುಗಳ ಎಣಿಕೆಯೆಂದು ತಿಳಿದರೆ ತಪ್ಪು ಅವನದಲ್ಲ. ‘ಬಣ್ಣೆಣಿಕೆ’ ಎಂದರೆ ಅಚ್ಚಗನ್ನಡವೂ ಆಯಿತು, ಲೋಪಸಂಧಿಯೂ ಆಯಿತು.

ಕೊಪ್ಪಳದಿಂದ:

ಬಣ್ಣವೇ ತದ್ಭವವೆಂದು ಮೇಲೆ ಹೇಳಿದ ಮೇಲೂ ಅಚ್ಚಗನ್ನಡವೆನ್ನುತ್ತೀರಿ. ಎಣಿಕೆಯೆಂಬುದು ಎಣಿಸುವ ಕ್ರಿಯೆ. ಅದರ ಕೊನೆಗೆ ಸಿಕ್ಕುವ ಅಂಕಿಗೆ ಆ ಹೆಸರು ಹೊಂದುವುದಿಲ್ಲ.

ರಾಯಚೂರಿನಿಂದ, ಎಂಜಿನಿಯರ್:

ಹೆಸರಿಗಿಂತ ಮೊದಲು ಗ್ರಾಫ್ ಎಂಬುದನ್ನು ಬಿಡಿ. ಶಾಲೆಯ ಪುಸ್ತಕಗಳಲ್ಲಿ ‘ನಕ್ಷೆ’ ಎಂಬ ಪದ ಇದ್ದೇ ಇದೆ, ನಮ್ಮ ಭಾಗದ ಜನರ ಬಾಯಲ್ಲೂ ಇದೆ. ‘ನಕ್ಷೆಗೆ ಬಣ್ಣ ತುಂಬುವುದು’ ಎಂದರೆ ಎಲ್ಲರಿಗೂ ತಿಳಿಯುತ್ತದೆ. ಇನ್ನು ನಿಮ್ಮ ಲೆಕ್ಕದ ಬಗ್ಗೆ ಎರಡು ಮಾತು. ಒಂದಕ್ಕೊಂದು ಗೆರೆಯಿರುವ ಪತ್ರಿಕೆಗಳ ಅತಿ ದೊಡ್ಡ ಗುಂಪನ್ನು ಹುಡುಕಿದರೆ ಉತ್ತರ ಕೈಗೆ ಸಿಕ್ಕಂತೆಯೇ. ಇಲ್ಲಿ ಇಂಗ್ಲಿಷ್, ಭೌತಶಾಸ್ತ್ರ, ರಸಾಯನ ಎಂದು ಮೂರರ ಗುಂಪಿದೆ, ನಾಲ್ಕರ ಗುಂಪಿಲ್ಲ. ಆದ್ದರಿಂದ ಮೂರು ಪಾಳಿ ಸಾಕು. ಎಷ್ಟೇ ದೊಡ್ಡ ಕಾಲೇಜಾದರೂ ನಾಲ್ಕಕ್ಕಿಂತ ಹೆಚ್ಚು ಪಾಳಿ ಬೇಕಾಗುವುದಿಲ್ಲ, ಏಕೆಂದರೆ ಯಾವ ನಕ್ಷೆಗಾದರೂ ನಾಲ್ಕು ಬಣ್ಣ ಸಾಕೆಂದು 1976ರಲ್ಲಿಯೇ ಸಾಧಿಸಿದ್ದಾರೆ.

ಬಳ್ಳಾರಿಯಿಂದ, ನಿವೃತ್ತ ಗಣಿತ ಪ್ರಾಧ್ಯಾಪಕ:

‘ನಕ್ಷೆ’ ಏಕೆ ಬೇಡವೆಂಬುದನ್ನು ರಾಯಚೂರಿನ ಮಿತ್ರರು ತಾವೇ ತೋರಿಸಿಕೊಟ್ಟಿದ್ದಾರೆ. 1852ರಲ್ಲಿ ಫ್ರಾನ್ಸಿಸ್ ಗುತ್ರಿ ಇಂಗ್ಲೆಂಡಿನ ಕೌಂಟಿಗಳ ನಕ್ಷೆಗೆ ಬಣ್ಣ ಹಚ್ಚುತ್ತ ಎತ್ತಿದ ಪ್ರಶ್ನೆ, 1976ರಲ್ಲಿ ಆಪೆಲ್ ಮತ್ತು ಹಾಕೆನ್ ಕಂಪ್ಯೂಟರಿನ ನೆರವಿನಿಂದ ಕೊಟ್ಟ ಉತ್ತರ, ಎರಡೂ ನೆಲದ ನಕ್ಷೆಗೆ ಸಂಬಂಧಿಸಿದವು. ಅಂದರೆ ಗೆರೆಗಳು ಒಂದನ್ನೊಂದು ದಾಟದಂತೆ ಹಾಳೆಯ ಮೇಲೆ ಬರೆಯಬಹುದಾದ ಗ್ರಾಫಿಗೆ ಮಾತ್ರ ಅನ್ವಯಿಸುವಂಥವು. ಪರೀಕ್ಷೆಯ ಗ್ರಾಫಿಗೆ ಅಂಥ ಕಟ್ಟುಪಾಡಿಲ್ಲ. ಐದು ಪತ್ರಿಕೆಗಳನ್ನು ಬಾಕಿ ಉಳಿಸಿಕೊಂಡ ಒಬ್ಬನೇ ಒಬ್ಬ ವಿದ್ಯಾರ್ಥಿ ಸಾಕು. ಆ ಐದು ಬಿಂದುಗಳಲ್ಲಿ ಪ್ರತಿಯೊಂದಕ್ಕೂ ಉಳಿದ ನಾಲ್ಕರೊಂದಿಗೆ ಗೆರೆ ಬೀಳುತ್ತದೆ. ಆ ಹತ್ತು ಗೆರೆಗಳನ್ನು ದಾಟಿಸದೆ ಬರೆಯಲು ಯಾರಿಂದಲೂ ಆಗದು, ಐದು ಪಾಳಿಗಳಿಲ್ಲದೆ ಆ ಹುಡುಗನ ಪರೀಕ್ಷೆಯೂ ಮುಗಿಯದು. ಗ್ರಾಫನ್ನು ನಕ್ಷೆಯೆಂದು ಕರೆದರೆ ಪ್ರತಿ ಓದುಗನೂ ಇದೇ ಹಳ್ಳಕ್ಕೆ ಬೀಳುತ್ತಾನೆ.

ಮೂರು ಪಾಳಿ ಸಾಕೆಂಬುದೂ ತಪ್ಪು. ಇಂಗ್ಲಿಷಿಗೆ ಎಲ್ಲದರೊಂದಿಗೂ ಗೆರೆಯಿರುವುದರಿಂದ ಅದರ ಪಾಳಿಯಲ್ಲಿ ಬೇರೇನೂ ಕೂರುವಂತಿಲ್ಲ. ಉಳಿದ ಐದನ್ನು ಎರಡೇ ಪಾಳಿಗಳಲ್ಲಿ ಕೂರಿಸಲು ನೋಡಿ: ಭೌತಶಾಸ್ತ್ರಕ್ಕೆ ಕೆಂಪು ಕೊಟ್ಟರೆ ರಸಾಯನಕ್ಕೆ ಹಸಿರು, ಸಸ್ಯಶಾಸ್ತ್ರಕ್ಕೆ ಕೆಂಪು, ಅರ್ಥಶಾಸ್ತ್ರಕ್ಕೆ ಹಸಿರು, ಕಂಪ್ಯೂಟರಿಗೆ ಮತ್ತೆ ಕೆಂಪು ಬರಲೇಬೇಕು, ಆದರೆ ಕಂಪ್ಯೂಟರಿನ ಮಗ್ಗುಲಿಗೆ ಕೆಂಪು ಭೌತಶಾಸ್ತ್ರ ನಿಂತಿದೆ. ಬೆಸ ಸಂಖ್ಯೆಯ ಬಳೆಯನ್ನು ಎರಡು ಬಣ್ಣಗಳಲ್ಲಿ ಮುಚ್ಚಲಾಗದು, ಅದಕ್ಕೆ ಮೂರು ಬೇಕು. ಇಂಗ್ಲಿಷ್ ಸೇರಿ ನಾಲ್ಕು. ಒಂದಕ್ಕೊಂದು ಗೆರೆಯಿರುವ ನಾಲ್ಕರ ಗುಂಪು ಎಲ್ಲಿಯೂ ಇಲ್ಲ, ಆದರೂ ಉತ್ತರ ನಾಲ್ಕು. ದೊಡ್ಡ ಗುಂಪಿನ ಅಳತೆ ‘ಇದಕ್ಕಿಂತ ಕಡಿಮೆ ಸಾಲದು’ ಎಂದು ಹೇಳುತ್ತದೆಯೇ ಹೊರತು ‘ಇಷ್ಟು ಸಾಕು’ ಎಂದು ಹೇಳುವುದಿಲ್ಲ.

ಗ್ರಾಫ್ ಎಂಬುದನ್ನು ಹಾಗೆಯೇ ಬಿಡಿ.

ರಾಯಚೂರಿನಿಂದ:

ಮೂರರ ಲೆಕ್ಕ ತಪ್ಪಿದ್ದನ್ನು ಒಪ್ಪುತ್ತೇನೆ. ಆದರೆ ಒಂದು ಪದ ಎರಡು ಅರ್ಥಗಳಲ್ಲಿ ಬಳಕೆಯಾಗುವುದು ಯಾವ ಭಾಷೆಗೂ ಹೊಸದಲ್ಲ. ಇಂಗ್ಲಿಷಿನ ಗ್ರಾಫ್ ಎಂಬ ಪದವೇ ಸಮೀಕರಣದ ವಕ್ರರೇಖೆಗೂ ಈ ಬಿಂದು-ಗೆರೆಗಳ ಆಕೃತಿಗೂ ಸಲ್ಲುತ್ತಿರುವಾಗ, ಕನ್ನಡದ ನಕ್ಷೆ ಮಾತ್ರ ಏಕೆ ಒಂದೇ ಅರ್ಥಕ್ಕೆ ಕಟ್ಟುಬಿದ್ದಿರಬೇಕು?

ಕೊಪ್ಪಳದಿಂದ:

ಕನ್ನಡದ ನಕ್ಷೆಯಂತೆ! ಅದು ಅರಬ್ಬಿಯಿಂದ ಉರ್ದುವಿಗೆ ಬಂದು, ನಿಜಾಮರ ಕಾಲದ ಕಚೇರಿಗಳಿಂದ ನಿಮ್ಮ ರಾಯಚೂರಿನ ಬಾಯಿಗೆ ಬಂದ ಪದ. ಹಳೆಯ ಎಸ್ಸೆಸ್ಸೆಲ್ಸಿ ಗಣಿತದಲ್ಲಿ ‘ಜಾಲಾಕೃತಿ’ ಎಂಬ ಸೊಗಸಾದ ಪದವನ್ನು ನಾವು ಓದಿದ್ದೇವೆ. ಅದಿರುವಾಗ ಗ್ರಾಫೂ ಬೇಡ, ನಕ್ಷೆಯೂ ಬೇಡ.

ರಾಯಚೂರಿನಿಂದ:

ನಿಜಾಮರ ಕಚೇರಿಯೇನು ರಾಯಚೂರಿಗೆ ಮಾತ್ರ ಇತ್ತೇ? ಕೊಪ್ಪಳ ಯಾವ ಸಂಸ್ಥಾನದಲ್ಲಿತ್ತೆಂಬುದನ್ನು ಗುರುಗಳು ಮರೆತಂತಿದೆ. ಬೆಳಗಿನಿಂದ ಸಂಜೆಯವರೆಗೆ ಖರ್ಚು, ಜಮೀನು, ಅರ್ಜಿ, ತಾರೀಖು ಎಂದು ಮಾತಾಡುವವರು ಗಣಿತಕ್ಕೆ ಬಂದಾಗ ಮಾತ್ರ ಮಡಿ ಉಡಬೇಕಾಗಿಲ್ಲ.

ಸಿರುಗುಪ್ಪದಿಂದ, ಪರೀಕ್ಷಾ ವಿಭಾಗದಲ್ಲಿದ್ದವರು:

ಪದಗಳ ವಿಚಾರ ನನಗೆ ತಿಳಿಯದು, ವೇಳಾಪಟ್ಟಿಯ ವಿಚಾರ ತಿಳಿದಿದೆ. ನಾನು ಪಟ್ಟಿಯಲ್ಲಿರುವ ಕ್ರಮದಲ್ಲಿ ಒಂದೊಂದೇ ಪತ್ರಿಕೆಯನ್ನು ತೆಗೆದುಕೊಂಡು, ಅಡ್ಡಿಯಿಲ್ಲದ ಮೊದಲ ಪಾಳಿಗೆ ಸೇರಿಸುತ್ತಿದ್ದೆ. ಒಮ್ಮೆ ನಾಲ್ಕು ಪತ್ರಿಕೆಗಳಿದ್ದವು: ಇತಿಹಾಸಕ್ಕೂ ಅರ್ಥಶಾಸ್ತ್ರಕ್ಕೂ, ಅರ್ಥಶಾಸ್ತ್ರಕ್ಕೂ ಸಂಖ್ಯಾಶಾಸ್ತ್ರಕ್ಕೂ, ಸಂಖ್ಯಾಶಾಸ್ತ್ರಕ್ಕೂ ಗಣಿತಕ್ಕೂ ಸಮಾನ ವಿದ್ಯಾರ್ಥಿಗಳಿದ್ದರು. ಪಟ್ಟಿಯಲ್ಲಿ ಇತಿಹಾಸ, ಗಣಿತ, ಅರ್ಥಶಾಸ್ತ್ರ, ಸಂಖ್ಯಾಶಾಸ್ತ್ರ ಎಂಬ ಕ್ರಮವಿತ್ತು. ಇತಿಹಾಸ ಮತ್ತು ಗಣಿತ ಮೊದಲ ಪಾಳಿಗೆ ಹೋದವು, ಅರ್ಥಶಾಸ್ತ್ರ ಎರಡನೆಯದಕ್ಕೆ ಹೋಯಿತು. ಸಂಖ್ಯಾಶಾಸ್ತ್ರಕ್ಕೆ ಎರಡೂ ಪಾಳಿಗಳು ಮುಚ್ಚಿಹೋಗಿ ಮೂರನೆಯದನ್ನು ತೆರೆಯಬೇಕಾಯಿತು. ಇತಿಹಾಸದ ಜೊತೆಗೆ ಸಂಖ್ಯಾಶಾಸ್ತ್ರವನ್ನೂ ಅರ್ಥಶಾಸ್ತ್ರದ ಜೊತೆಗೆ ಗಣಿತವನ್ನೂ ಇಟ್ಟಿದ್ದರೆ ಎರಡರಲ್ಲಿಯೇ ಮುಗಿಯುತ್ತಿತ್ತೆಂದು ಹೊಸದಾಗಿ ಬಂದ ಉಪನ್ಯಾಸಕರೊಬ್ಬರು ಆಮೇಲೆ ತೋರಿಸಿದರು. ಹಾಗಾದರೆ ನನ್ನ ಮೂರಕ್ಕೆ ಬಣ್ಣಸಂಖ್ಯೆ ಎನ್ನಬೇಕೋ, ಅವರ ಎರಡಕ್ಕೋ? ನಿಮ್ಮ ಪದದಲ್ಲಿ ಅದು ಕಾಣುತ್ತಿಲ್ಲ. ಅಲ್ಲದೆ ಒಂದು ಪಾಳಿಗೆ ಎಷ್ಟು ಕೊಠಡಿಗಳಿವೆ ಎಂಬುದನ್ನು ಈ ಬಣ್ಣಗಳಲ್ಲಿ ಯಾರೂ ಕೇಳಿಲ್ಲ.

ಬಳ್ಳಾರಿಯಿಂದ:

ಈ ಚರ್ಚೆಯಲ್ಲಿ ಬಂದ ಸರಿಯಾದ ಪ್ರಶ್ನೆ ಇದೊಂದೇ. ಅವರ ಎರಡಕ್ಕೇ ಆ ಹೆಸರು ಸಲ್ಲುತ್ತದೆ. ನಿಮ್ಮ ಮೂರು ನಿಯಮ ಮೀರದ ಬಣ್ಣಗಾರಿಕೆಯೇ ಹೌದು, ಆದರೆ ಅದು ಪಟ್ಟಿಯ ಕ್ರಮದಿಂದ ಹುಟ್ಟಿದ ಸಂಖ್ಯೆ. ಕ್ರೊಮ್ಯಾಟಿಕ್ ನಂಬರ್ ಗ್ರಾಫಿನದೇ ಗುಣವಾದ್ದರಿಂದ ಯಾವ ಕ್ರಮದಲ್ಲಿ ಹಚ್ಚಿದರೂ ಬದಲಾಗದು. ಮೇಡಂ ಅವರು ಹಾಳೆಯಲ್ಲಿ ನಾಲ್ಕು ಬಣ್ಣಗಳ ಚಿತ್ರವನ್ನಷ್ಟೇ ಬರೆದು ‘ಬಣ್ಣಸಂಖ್ಯೆ ನಾಲ್ಕು’ ಎಂದು ನಿಲ್ಲಿಸಿದರೆ ಅರ್ಧ ಮಾತ್ರ ಹೇಳಿದಂತಾಗುತ್ತದೆ. ಮೂರರಲ್ಲಿ ಏಕೆ ಆಗದೆಂಬ ಬಳೆಯ ವಾದವೂ ಅದರ ಮಗ್ಗುಲಲ್ಲಿರಬೇಕು. ಹೆಸರಿನಲ್ಲಿಯೇ ‘ಕನಿಷ್ಠ’ ಬರಬೇಕೆಂದು ನಾನು ಹಟ ಹಿಡಿಯುವುದಿಲ್ಲ, ಇಂಗ್ಲಿಷಿನ ಹೆಸರಿನಲ್ಲಿಯೂ ಅದು ಇಲ್ಲ.

ಕೊಠಡಿಗಳ ಮಾತು ಬೇರೆ. ಬಣ್ಣಕ್ಕೆ ಕೊಠಡಿ ಗೊತ್ತಿಲ್ಲ; ಒಂದೇ ಬಣ್ಣದ ಪತ್ರಿಕೆಗಳ ವಿದ್ಯಾರ್ಥಿಗಳೆಲ್ಲ ಸೇರಿ ಆಸನಗಳನ್ನು ಮೀರಿದರೆ ಪಾಳಿಗಳನ್ನು ಹೆಚ್ಚಿಸಲೇಬೇಕು, ಆಗ ಈ ಸಂಖ್ಯೆ ಕೆಳಮಿತಿಯಾಗಿ ಮಾತ್ರ ಉಳಿಯುತ್ತದೆ.

ಕೊಪ್ಪಳದ ಗುರುಗಳಿಗೆ ಒಂದು ಬಿನ್ನಹ: ಎಲ್ಲರೂ ಬಳಸುತ್ತಿರುವ ‘ವೇಳಾಪಟ್ಟಿ’ಯೂ ಅರಿಸಮಾಸವೇ. ಅದನ್ನು ತಾವು ತಡೆದಿಲ್ಲ.

ಕೊಪ್ಪಳದಿಂದ:

ರೂಢಿಗೆ ಬಂದ ಅರಿಸಮಾಸಕ್ಕೆ ವಿನಾಯಿತಿಯುಂಟು. ಹೊಸದಾಗಿ ಹುಟ್ಟಿಸುವುದಕ್ಕೆ ಇಲ್ಲ.

ಸಿಂಧನೂರಿನಿಂದ:

ರೂಢಿಗೆ ಬಂದದ್ದೆಲ್ಲ ಒಂದು ದಿನ ಹೊಸದಾಗಿ ಹುಟ್ಟಿದ್ದೇ ಅಲ್ಲವೇ ಗುರುಗಳೇ?

ಗಂಗಾವತಿಯಿಂದ:

ಎಲ್ಲರಿಗೂ ನಮಸ್ಕಾರ. ಹಾಳೆಯಲ್ಲಿ ಗ್ರಾಫ್ ಎಂಬುದನ್ನು ಹಾಗೆಯೇ ಬಿಟ್ಟಿದ್ದೇನೆ. ಶೀರ್ಷಿಕೆಯಲ್ಲಿ ಬಣ್ಣಸಂಖ್ಯೆ ಎಂದಿದ್ದು, ಅದರ ಕೆಳಗೆ ‘ಇದಕ್ಕಿಂತ ಕಡಿಮೆ ಬಣ್ಣಗಳಲ್ಲಿ ಆಗದು’ ಎಂಬ ಸಾಲನ್ನೂ ಬಳೆಯ ವಾದವನ್ನೂ ಸೇರಿಸಿದ್ದೇನೆ. ಐದು ಪತ್ರಿಕೆ ಬಾಕಿಯಿರುವ ಹುಡುಗನನ್ನೂ ಒಂದು ಮೂಲೆಯಲ್ಲಿ ಕೂರಿಸಿದ್ದೇನೆ. ಬಣ್ಣಸಂಖ್ಯೆಯನ್ನು ಸೂಚಿಸುವ χ ಎಂಬ ಗ್ರೀಕ್ ಗುರುತನ್ನು ‘ಕೈ’ ಎಂದು ಓದಬೇಕೆಂದು ಬರೆದದ್ದಕ್ಕೆ ನಮ್ಮ ವಿದ್ಯಾರ್ಥಿನಿಯರು ಈಗಾಗಲೇ ನಗುತ್ತಿದ್ದಾರೆ.

ಇನ್ನೊಂದು ತೊಡಕು ಉಳಿದಿದೆ. ಮುದ್ರಣದವರು ಇಷ್ಟು ದೊಡ್ಡ ಹಾಳೆಯನ್ನು ಕಪ್ಪುಬಿಳುಪಿನಲ್ಲಿ ಮಾತ್ರ ಕೊಡುವುದಾಗಿ ಹೇಳಿದ್ದಾರೆ. ಬಿಂದುಗಳೊಳಗೆ 1, 2, 3, 4 ಎಂದು ಅಂಕಿಗಳನ್ನು ಬರೆಯಿಸಿದ್ದೇನೆ. ಗಣಿತಕ್ಕೆ ಅಷ್ಟೇ ಸಾಕು. ಆದರೆ ಒಂದು ಬಣ್ಣವೂ ಇಲ್ಲದ ಚಿತ್ರದ ಮೇಲೆ ಬಣ್ಣಸಂಖ್ಯೆ ಎಂಬ ಶೀರ್ಷಿಕೆ ಇರುವುದನ್ನು ಕಂಡು ಪ್ರಾಂಶುಪಾಲರು ಕಾರಣ ಕೇಳಿದ್ದಾರೆ. ‘ಪಾಳಿಸಂಖ್ಯೆ’ ಎಂದರೆ ಆದೀತೇ?

ಕೊಪ್ಪಳದಿಂದ:

ಅದೂ ಅರಿಸಮಾಸವೇ.