ಸಹಾಯ ಬೇಕು: ಓಟಿ ಲೆಕ್ಕದಲ್ಲಿ ಮೂರು ಮೊತ್ತ ಬರ್ತಿದೆ

ಎಲ್ಲರಿಗೂ ನಮಸ್ಕಾರ. ಕುಶಾಲನಗರದ ಒಂದು ಕಾಫಿ ಕ್ಯೂರಿಂಗ್ ವರ್ಕ್ಸ್‌ನಲ್ಲಿ ಸಂಬಳದ ಲೆಕ್ಕ ಬರೆಯುತ್ತೇನೆ. ಕಾಫಿ ಸೀಸನ್, ಎಲ್ಲರಿಗೂ ಓಟಿ ಇದೆ. ನಮ್ಮ ಹಾಜರಿ ಯಂತ್ರ ಪ್ರತಿ ಶಿಫ್ಟನ್ನು ನಿಮಿಷದಲ್ಲೇ ಕೊಡುತ್ತದೆ, ಊಟದ ಬಿಡುವು ಕಳೆದು. ವಾರಕ್ಕೆ 48 ಗಂಟೆ ದಾಟಿದರೆ ಎರಡರಷ್ಟು ಕೂಲಿ.

ಒಬ್ಬರ ಆರು ದಿನ ನೋಡಿ: 525, 480, 510, 495, 540, 505. ಒಟ್ಟು 3055 ನಿಮಿಷ. ಗಂಟೆಗೆ 80 ರೂಪಾಯಿ, ಅಂದರೆ ಓಟಿಗೆ 160.

ಮೇಸ್ತ್ರಿ ದಿನಾ ಪೂರ್ತಿ ಗಂಟೆ ಮಾತ್ರ ಹಿಡಿಯುತ್ತಾರೆ. ಹಾಗೆ 49 ಗಂಟೆ, ಓಟಿ ಬರೀ 160 ರೂಪಾಯಿ. ನಾನು 3055ರಲ್ಲಿ 48 ಗಂಟೆಯ 2880 ನಿಮಿಷ ಕಳೆದೆ. ಉಳಿದದ್ದು 175 ನಿಮಿಷ, ಅಂದರೆ 2 ಗಂಟೆ 55 ನಿಮಿಷ. ಮೊದಲು ಸುಮ್ನೆ 2.55 ಅಂತ ಹಾಕಿ ಗುಣಿಸಿದೆ, 408 ಬಂತು. 55 ನಿಮಿಷ ಅಂದರೆ 0.55 ಗಂಟೆ ಅಲ್ಲ ಅಂತ ಆಮೇಲೆ ಹೊಳೆಯಿತು! ಈಗ ಹೀಗೆ ಬರೆದಿದ್ದೇನೆ:

```
=MAX(0,SUM(B2:G2)-2880)/60*160
```

ಇದು 466.67 ಕೊಡುತ್ತದೆ. ಮೇಸ್ತ್ರಿ ಮಾತ್ರ ಒಪ್ಪುತ್ತಿಲ್ಲ. ಅವರ ಲೆಕ್ಕದಲ್ಲಿ ಆ ಕೆಲಸಗಾರನಿಗೆ ಒಂದೇ ವಾರಕ್ಕೆ 300 ರೂಪಾಯಿಗೂ ಜಾಸ್ತಿ ನಷ್ಟ ಆಗುತ್ತದೆ ಅಲ್ವಾ?

ಗೊತ್ತಿರುವವರು ಹೇಳಿ: ದಿನದ ನಿಮಿಷವನ್ನು ಮೊದಲೇ ಗಂಟೆಗೆ ಇಳಿಸಬೇಕಾ, ಇಲ್ಲಾ ವಾರದ ಒಟ್ಟು ನಿಮಿಷದಿಂದ 2880 ಕಳೆದ ಮೇಲೆ ಒಂದೇ ಸಲ 60ರಿಂದ ಭಾಗಿಸಬೇಕಾ?