ಗ್ಲಾಸ್ ಫಸಾಡ್ ಲೆಕ್ಕಕ್ಕೂ ಗಸ್ಟ್ ಫ್ಯಾಕ್ಟರ್ ಗುಣಿಸಬೇಕಾ?

ಪ್ರಶ್ನೆ: ಸೈಟ್ ಎಂಜಿನಿಯರ್, ಹುಬ್ಬಳ್ಳಿ

ಗೋಕುಲ ರಸ್ತೆಯ ಕಡೆ ನಮ್ಮದೊಂದು 50 ಮೀಟರ್ ಎತ್ತರದ ಆಫೀಸ್ ಕಟ್ಟಡ ಏಳುತ್ತಿದೆ. ಪ್ಲಾನ್ 20 × 25 ಮೀಟರ್. ಫ್ರೇಮ್ ಲೆಕ್ಕದ ವರದಿಯಲ್ಲಿ ಮೇಲ್ತುದಿಗೆ ಗಾಳಿ ಒತ್ತಡ 321 N/m², ಗಸ್ಟ್ ಫ್ಯಾಕ್ಟರ್ 2.3 ಅಂತ ಇದೆ. ಗ್ಲೇಜಿಂಗ್‌ನವರು ಅದೇ ಎತ್ತರಕ್ಕೆ 820 N/m² ಅನ್ನುತ್ತಾರೆ. ಇಬ್ಬರೂ ಮೂಲ ವೇಗ 33 m/s ಹಿಡಿದಿದ್ದಾರೆ. ಯಾರದ್ದು ಸರಿ? 820ಕ್ಕೂ 2.3 ಗುಣಿಸಬೇಕಾ?

ಎಂ.ಟೆಕ್ ವಿದ್ಯಾರ್ಥಿ, ಧಾರವಾಡ

ಗುಣಿಸೋದು ಬೇಡ ಸರ್. ಎತ್ತರವನ್ನು ಸಣ್ಣ ಅಗಲದಿಂದ ಭಾಗಿಸಿದರೆ 50/20, ಅಂದರೆ 2.5. ಐದು ದಾಟಿದರೆ ಮಾತ್ರ ಗಸ್ಟ್ ಫ್ಯಾಕ್ಟರ್. ನಿಮ್ಮ ಕಟ್ಟಡಕ್ಕೆ ಅದು ಬೇಕಾಗೇ ಇಲ್ಲ. ವರದಿಯವರು ಸುಮ್ನೆ ಹಾಕಿದ್ದಾರೆ.

ಮನೆ ಕಟ್ಟಿಸುತ್ತಿರುವವರು, ಹಾವೇರಿ

ನಮ್ಮ ಮೂರನೇ ಮಹಡಿಯ ಕಿಟಕಿಯಲ್ಲೂ ಗಾಳಿ ಸಿಳ್ಳೆ ಹೊಡೆಯುತ್ತದೆ. ಯಾವ ರಬ್ಬರ್ ಹಾಕಿಸಲಿ?

ಸ್ಟ್ರಕ್ಚರಲ್ ಕನ್ಸಲ್ಟಂಟ್, ಧಾರವಾಡ

ಹಾವೇರಿ ಅಣ್ಣಾ, ಅದು ಗ್ಯಾಸ್ಕೆಟ್ ಸವೆದಿರೋದು. ಕಿಟಕಿ ಮಾಡಿದವರನ್ನೇ ಕರೆಸಿ.

ಹುಬ್ಬಳ್ಳಿಯವರಿಗೆ: ಎರಡೂ ಸಂಖ್ಯೆ ಸರಿ, ಆದರೆ ಎರಡೂ ಬೇರೆ ಬೇರೆ ಗಾಳಿಯವು. ಐಎಸ್ 875 ಭಾಗ 3ರ (2015) 33 m/s ಅನ್ನೋದು 3 ಸೆಕೆಂಡಿನ ಬೀಸು. ಅದನ್ನು ಎತ್ತರಕ್ಕೆ ತಿದ್ದಿದರೆ ಗ್ಲೇಜಿಂಗ್‌ನವರ ಸಂಖ್ಯೆ ಬರುತ್ತದೆ. ಫ್ರೇಮ್ ವರದಿಯವರು ಒಂದು ತಾಸಿನ ಸರಾಸರಿ ಗಾಳಿಗೆ ಇಳಿದಿದ್ದಾರೆ:

```
3 ಸೆಕೆಂಡ್ : 33 × 1.12 = 37 m/s,   0.6 × 37²   ≈ 820 N/m²
1 ತಾಸು    : 33 × 0.701 = 23.13 m/s, 0.6 × 23.13² ≈ 321 N/m²
```

ಸರಾಸರಿಯಲ್ಲಿ ಬೀಸು ಕಾಣುವುದಿಲ್ಲ. ಅದನ್ನು ವಾಪಸ್ ತರೋದೇ 2.3ರ ಕೆಲಸ. 321 × 2.3 ಅಂದರೆ ಸುಮಾರು 740. ಇದು 820ಕ್ಕಿಂತ ಸ್ವಲ್ಪ ಕಡಿಮೆ ಬಂದಿದೆ, ಅದಕ್ಕೂ ಕಾರಣ ಇದೆ. 50 ಮೀಟರ್ ಗೋಡೆಯ ಮೇಲೆಲ್ಲ ಒಂದೇ ಕ್ಷಣಕ್ಕೆ ಜೋರು ಬೀಸು ಬೀಳುವುದಿಲ್ಲ, ಒಂದು ಕಡೆ ಹೆಚ್ಚಿದ್ದಾಗ ಇನ್ನೊಂದು ಕಡೆ ಕಡಿಮೆ ಇರುತ್ತದೆ. ಕಟ್ಟಡ ತೂಗಾಡುವುದರಿಂದ ಸೇರುವ ಬಲವೂ ಆ 2.3ರ ಒಳಗೇ ಇದೆ. ಒಂದು ಗಾಜಿನ ಪ್ಯಾನೆಲ್‌ಗೆ ಇದ್ಯಾವುದೂ ಇಲ್ಲ. ಅದು 3 ಸೆಕೆಂಡಿನ ಬೀಸಿನೊಳಗೆ ಪೂರ್ತಿ ಮುಳುಗುತ್ತದೆ. ಹಾಗಾಗಿ ಫಸಾಡ್‌ಗೆ 820ರಿಂದ ಹೊರಡಿ, 2.3 ಮುಟ್ಟಬೇಡಿ. ಮುಟ್ಟಿದರೆ ಬೀಸನ್ನು ಎರಡು ಸಲ ಎಣಿಸಿದಂತೆ.

ಅದಕ್ಕಿಂತ ಅಪಾಯ ಇನ್ನೊಂದು. ವರದಿಯ 321 ನೋಡಿ ಯಾರೋ ಅದನ್ನೇ ಗ್ಲೇಜಿಂಗ್‌ಗೆ ಕಳಿಸಿಬಿಡುತ್ತಾರೆ. ಈ ಭಾಗದ ಹತ್ತು ಮಹಡಿ ದಾಟಿದ ಕಟ್ಟಡಕ್ಕೆ ಫಸಾಡ್ ಒತ್ತಡ 400ರ ಕೆಳಗೆ ಕಂಡರೆ, ಮೊದಲು ಅದು ಯಾವ ವೇಗದಿಂದ ಬಂತು ಅಂತ ಕೇಳಿ.

ತಮ್ಮಾ, ನಿನ್ನ ಉತ್ತರ ಸರಿ, ಕಾರಣ ಅರ್ಧ ಮಾತ್ರ. ಎತ್ತರ-ಅಗಲದ ಐದು ಒಂದು ನಿಬಂಧನೆ, ಕಟ್ಟಡ ತೂಗಾಡುವ ಆವರ್ತನ 1 Hzಗಿಂತ ಕಡಿಮೆ ಇರೋದು ಇನ್ನೊಂದು. ಯಾವುದಾದರೊಂದು ಬಿದ್ದರೂ ಸಾಕು. ಕೋಡಿನ ಅಂದಾಜು ಸೂತ್ರ ಹಾಕಿ ನೋಡು: 0.09 × 50 / √20 ಅಂದರೆ ಒಂದು ತೂಗಾಟಕ್ಕೆ 1.006 ಸೆಕೆಂಡ್, ಆವರ್ತನ 0.99 Hz. ಕೂದಲೆಳೆಯಲ್ಲಿ ಕೆಳಗೆ ಬಿತ್ತು. ಗಾಳಿ ಇನ್ನೊಂದು ದಿಕ್ಕಿಂದ ಬಂದರೆ 20ರ ಜಾಗದಲ್ಲಿ 25, ಆಗ 1.1 Hz, ಪಾಸ್. ಫ್ರೇಮ್‌ಗೆ ಗಸ್ಟ್ ಫ್ಯಾಕ್ಟರ್ ಹಾಕಿದ್ದು ಸುಮ್ನೆ ಅಲ್ಲ.

ಸೈಟ್ ಎಂಜಿನಿಯರ್

ಹಾಗಾದರೆ 820 ಕೊಟ್ಟು ಮುಗಿಸಲಾ ಸರ್?

ಕನ್ಸಲ್ಟಂಟ್

ಇಲ್ಲ, 820 ಬರೀ ಗಾಳಿಯ ಒತ್ತಡ. ಗಾಜಿಗೆ ಎಷ್ಟು ತಾಗುತ್ತದೆ ಅನ್ನೋದನ್ನು ಗುಣಾಂಕ ಹೇಳುತ್ತದೆ. ನಿಮ್ಮ ಅಳತೆಗೆ ಕೋಷ್ಟಕದಲ್ಲಿ ಗಾಳಿಗೆ ಎದುರಾದ ಗೋಡೆಗೆ +0.8, ಪಕ್ಕದ ಗೋಡೆಗಳಿಗೆ −0.8. ಮೈನಸ್ ಅಂದರೆ ಹೊರಗೆ ಎಳೆತ. ಮೂಲೆಯ ಪಟ್ಟಿಗೆ −1.2. ಇದರ ಮೇಲೆ ಒಳಗಿನ ಒತ್ತಡ ಸೇರುತ್ತದೆ. ತೆರೆದ ಜಾಗ 5%ಗಿಂತ ಕಡಿಮೆ ಇದ್ದರೆ 0.2, ಪ್ಲಸ್ಸೋ ಮೈನಸ್ಸೋ ಯಾವುದು ಕೆಟ್ಟದ್ದೋ ಅದು. ಮಧ್ಯದ ಪ್ಯಾನೆಲ್‌ಗೆ 1.0 × 820. ಮೂಲೆಗೆ 1.4 × 820, ಅಂದರೆ ಸುಮಾರು 1,150, ಅದೂ ಎಳೆತ.

ಆ ಪಟ್ಟಿಯ ಅಗಲ ಕಟ್ಟಡದ ಸಣ್ಣ ಅಗಲದ ಕಾಲು ಭಾಗ, ನಿಮಗೆ 5 ಮೀಟರ್. ಗಾಳಿ ಯಾವ ಕಡೆಯಿಂದಲಾದರೂ ಬರಬಹುದು, ಹಾಗಾಗಿ ನಾಲ್ಕೂ ಮೂಲೆಗಳ ಎರಡೂ ಬದಿಗೆ. 1.2 ಮೀಟರ್ ಗ್ರಿಡ್ ಇದ್ದರೆ ಮೂಲೆಯಿಂದ ಐದು ಪ್ಯಾನೆಲ್. ಮಹಡಿ ಎತ್ತರ 3 ಮೀಟರ್ ಅಂದುಕೊಂಡರೆ ಅಲ್ಲಿ ಒಂದು ಪ್ಯಾನೆಲ್ ಮೇಲಿನ ಎಳೆತ 4.1 kN. ಮಧ್ಯದಲ್ಲಿ ಅದು 3 kNಗೂ ಕಡಿಮೆ. ಬ್ರ್ಯಾಕೆಟ್, ಆಂಕರ್ ಬೋಲ್ಟ್ ಎಲ್ಲ ಕಡೆ ಒಂದೇ ಹಾಕುವುದಾದರೆ ಮೂಲೆಯದ್ದಕ್ಕೇ ಹಾಕಿ.

ವಿಸ್ತೀರ್ಣ, ದಿಕ್ಕು ಅಂತ ಕೋಡಿನಲ್ಲಿ ಕಡಿತದ ಗುಣಕಗಳಿವೆ. 10 m² ಒಳಗಿನ ಪ್ಯಾನೆಲ್‌ಗೆ ವಿಸ್ತೀರ್ಣದ ಕಡಿತ ಸಿಗುವುದೇ ಇಲ್ಲ. ಉಳಿದವನ್ನೂ ಗಾಜಿಗೆ ನಾನು 1 ಅಂತಲೇ ಇಡುತ್ತೇನೆ.

ಕ್ಲ್ಯಾಡಿಂಗ್ ಗುತ್ತಿಗೆದಾರ, ಗದಗ

ಇದು ಖರೇ. ಇಲ್ಲೊಂದು ಶೋರೂಮಿನ ಎಸಿಪಿ ಶೀಟ್ ಮೇ ತಿಂಗಳ ಗುಡುಗು ಮಳೆಯಲ್ಲಿ ಕಿತ್ತು ಬಂತು. ಗಾಳಿ ಹೊಡೆದ ಮುಂಭಾಗ ಗಟ್ಟಿಯಾಗೇ ಇತ್ತು. ಪಕ್ಕದ ಗೋಡೆಯ ಅಂಚಿನ ಶೀಟ್‌ಗಳೇ ರಸ್ತೆಗೆ ಬಿದ್ದಿದ್ದವು. ನೋಡಿದರೆ ಶೀಟ್ ಮುರಿದಿರಲಿಲ್ಲ, ಸ್ಕ್ರೂ ತಲೆಯ ಸುತ್ತ ತೂತು ಅಗಲ ಆಗಿ ಹರಿದಿತ್ತು. ಡ್ರಾಯಿಂಗ್‌ನಲ್ಲಿ ಮೂಲೆಗೂ ಮಧ್ಯಕ್ಕೂ ಸ್ಕ್ರೂ ಅಂತರ ಒಂದೇ ಇತ್ತು. ಆದರೆ ಸರ್, ಕಪ್ಪತಗುಡ್ಡದ ಮೇಲೆ ಅಷ್ಟು ಗಾಳಿ ಫ್ಯಾನ್ ತಿರುಗುತ್ತವೆ. ನಮ್ಮ ಕಡೆ 33 ಕಡಿಮೆ ಅಲ್ವಾ?

ಕನ್ಸಲ್ಟಂಟ್

ತೂತು ಅಗಲ ಆಗಿದ್ದರೆ ಎಳೆತವೇ, ಅನುಮಾನ ಬೇಡ. ಗಾಳಿ ಫ್ಯಾನ್‌ಗೆ ಬೇಕಾದದ್ದು ತಿಂಗಳುಗಟ್ಟಲೆ ಒಂದೇ ಸಮ ಬೀಸುವ ಗಾಳಿ. ನಮ್ಮ ಲೆಕ್ಕ 50 ವರ್ಷಕ್ಕೊಮ್ಮೆ ಬರಬಹುದಾದ ಬೀಸಿನದ್ದು. ಒಂದನ್ನು ನೋಡಿ ಇನ್ನೊಂದನ್ನು ಹೇಳಲಾಗದು. ಕಟ್ಟಡ ಗುಡ್ಡದ ನೆತ್ತಿಯ ಮೇಲೇ ಇದ್ದರೆ ಅದಕ್ಕೆ ಬೇರೆ ಗುಣಕ ಇದೆ, ಗದಗ ಪೇಟೆಯೊಳಗೆ ಅದರ ಪ್ರಶ್ನೆ ಇಲ್ಲ.

ಹಾಗಂತ 33 ಅನ್ನೋದನ್ನು ಕಣ್ಣು ಮುಚ್ಚಿ ಒಪ್ಪಬೇಡಿ. ಕೋಡಿನ ನಗರಗಳ ಪಟ್ಟಿಯಲ್ಲಿ ಹುಬ್ಬಳ್ಳಿ ಇಲ್ಲ, ನಕ್ಷೆಯಲ್ಲೇ ಓದಬೇಕು. ಗೆರೆಯ ಹತ್ತಿರ ಬಂದು 39 ಹಿಡಿಯಬೇಕಾದರೆ ಒತ್ತಡ ಸುಮಾರು 40% ಏರುತ್ತದೆ, ವೇಗದ ವರ್ಗ ಅಲ್ವಾ.

ಸೈಟ್ ಎಂಜಿನಿಯರ್

ನಮ್ಮ ಒಂದು ಕಡೆ ವಿಮಾನ ನಿಲ್ದಾಣದ ಬಯಲು. 1.12 ಸಾಕಾ?

ಕನ್ಸಲ್ಟಂಟ್

ಒಳ್ಳೇ ಪ್ರಶ್ನೆ. 1.12 ಊರೊಳಗಿನ, ಅಂದರೆ ಭೂಪ್ರದೇಶದ ವರ್ಗ 3ರದ್ದು. ಬಯಲಿನ ಕಡೆಗೆ ವರ್ಗ 2 ಹಿಡಿದರೆ 1.17, ಮೂಲೆಯ ಎಳೆತ 1,250 ಆಗುತ್ತದೆ. ಇಲ್ಲಿ ಒಂದು ಮಾತು: ಬಯಲಿನಿಂದ ಬಂದ ಗಾಳಿ ಬಯಲಿಗೆ ಮುಖ ಮಾಡಿದ ಗೋಡೆಯನ್ನು ತಳ್ಳುತ್ತದೆ. ಎಳೆತ ಹೆಚ್ಚಾಗೋದು ಅದರ ಪಕ್ಕದ ಎರಡು ಗೋಡೆಗಳಲ್ಲಿ, ಬಯಲಿನ ಕಡೆಯ ಅಂಚಿಗೆ. ಬಯಲು ಎಷ್ಟು ದೂರ ಇದೆ ಅನ್ನೋದನ್ನು ಸೈಟ್ ನೋಡದೆ ನಾನು ಹೇಳಲಾರೆ.

ವಿದ್ಯಾರ್ಥಿ

ಸರ್, ಆ ಒಳ ಒತ್ತಡ 0.2. ಬಿರುಗಾಳಿ ಹೊತ್ತಿಗೆ ಕಿಟಕಿಗಳು ತೆರೆದೇ ಇದ್ದರೆ?

ಕನ್ಸಲ್ಟಂಟ್

ತೆರೆದ ಜಾಗ 5ರಿಂದ 20% ಇದ್ದರೆ 0.5. ಆಗ ಮೂಲೆಗೆ 1.7 × 820, ಸುಮಾರು 1,400. ತೆರೆಯುವ ಕಿಟಕಿ ಎಷ್ಟಿವೆ ಅಂತ ಆರ್ಕಿಟೆಕ್ಟ್ ಹೇಳಬೇಕು. ನಾನಾದರೆ 0.5 ಹಿಡಿಯುತ್ತೇನೆ, ಒಂದು ಗಾಜು ಒಡೆದರೂ ಒಳಗೆ ಗಾಳಿ ನುಗ್ಗುತ್ತದೆ.

ಗುತ್ತಿಗೆದಾರ, ಗದಗ

0.5 ಅಂದರೆ ರೇಟು ಏರುತ್ತದೆ, ಮಾಲೀಕರು ಒಪ್ಪೋದಿಲ್ಲ. ನಮ್ಮಲ್ಲಿ ಯಾರೂ 0.2 ದಾಟಿಲ್ಲ.

ಸೈಟ್ ಎಂಜಿನಿಯರ್

ಎರಡೂ ಲೆಕ್ಕ ಹಾಕಿ, ಮೂಲೆಯ ಐದೈದು ಪ್ಯಾನೆಲ್‌ಗೆ ಮಾತ್ರ ಬೇರೆ ರೇಟು ಕೇಳುತ್ತೇನೆ. 33ಕ್ಕೋ 39ಕ್ಕೋ ಅನ್ನೋದನ್ನು ವರದಿಯವರಿಂದಲೇ ಬರೆಸಿಕೊಳ್ಳುತ್ತೇನೆ ಸರ್.