ಪದಚರ್ಚೆ: ‘ಇಂಟರೆಸ್ಟ್ ಕವರೇಜ್’ ಕಡಿಮೆ ಇದೆ ಅಂತ ಕನ್ನಡದಲ್ಲಿ ಹೇಗೆ ಹೇಳೋದು?

ಸುಧಾ:
ಎಲ್ಲರಿಗೂ ನಮಸ್ಕಾರ. ನಾನು ಬ್ಯಾಂಕಿನ ಸಾಲ ವಿಭಾಗದಲ್ಲಿದ್ದೇನೆ. ಪ್ಯಾಕಿಂಗ್ ಡಬ್ಬ ತಯಾರಿಸುವ ಒಬ್ಬರು ಹೊಸ ಮೆಷಿನ್‌ಗೆ ಅಂತ ಇನ್ನೂ 30 ಲಕ್ಷ ಸಾಲ ಕೇಳಿದ್ದಾರೆ. ಈಗ ಯಾಕೆ ಆಗಲ್ಲ, ಏನು ಸರಿಹೋದರೆ ಆಗುತ್ತೆ ಅಂತ ಅವರಿಗೆ ಒಂದು ಟಿಪ್ಪಣಿ ಬರೆಯಬೇಕು.

ಕರಡಿನಲ್ಲಿ ಹೀಗೆ ಬರೆದಿದ್ದೇನೆ: “ತಮ್ಮ ಉದ್ಯಮದ ಬಡ್ಡಿ ವ್ಯಾಪ್ತಿ ಅನುಪಾತವು 1.5 ಇದ್ದು, ದುರ್ಬಲವಾಗಿರುತ್ತದೆ.” ‘ವ್ಯಾಪ್ತಿ’ ಅಂದ್ರೆ ಎಲ್ಲಿಯವರೆಗೆ ಹರಡಿದೆ ಅನ್ನೋ ಅರ್ಥ ಅಲ್ವಾ? ಇಲ್ಲಿ ಹರಡುವ ಮಾತೇ ಇಲ್ಲ.

ಲೆಕ್ಕ ಇಷ್ಟು. ವರ್ಷದ ವ್ಯಾಪಾರ 200 ಲಕ್ಷ. ಎಲ್ಲ ಖರ್ಚು ಕಳೆದು, ಬಡ್ಡಿ ಮತ್ತು ತೆರಿಗೆ ಕಳೆಯುವ ಮುಂಚೆ ಉಳಿಯೋದು 18 ಲಕ್ಷ. ಬಡ್ಡಿ 12 ಲಕ್ಷ. ಅದರಲ್ಲಿ ಅರ್ಧ ಕಂತಿನ ಸಾಲದ್ದು, ಅರ್ಧ ಓವರ್‌ಡ್ರಾಫ್ಟ್ ಖಾತೆಯದ್ದು, ಅಂದರೆ ಬೇಕಾದಾಗ ತೆಗೆದು ದುಡ್ಡು ಬಂದಾಗ ತುಂಬುವ ‘ಓಡಿ’ಯದ್ದು. 18ನ್ನು 12ರಿಂದ ಭಾಗಿಸಿದರೆ ಬರೋದು ಆ 1.5. ನಮ್ಮಲ್ಲಿ ಕನಿಷ್ಠ 2 ಇರಬೇಕು ಅಂತ ನೋಡುತ್ತಾರೆ.

ಮಂಜುಳಾ:
ಕವರೇಜ್ ಅಂದ್ರೆ ವಿಮೆ ಅಲ್ವಾ? ನಾನು ಮನೆ ಸಾಲ ತಗೊಂಡಾಗ ನನಗೂ ಕವರ್ ಮಾಡಿಸಿ ಅಂತ ಹೇಳಿದ್ದರು. ಸಾಲ ತೀರುವ ಮುಂಚೆ ಏನಾದರೂ ಆದರೆ ವಿಮೆಯವರು ಕಟ್ಟುತ್ತಾರಂತೆ. ‘ಬಡ್ಡಿ ರಕ್ಷಣೆ’ ಅಂತ ಬರೆದರೆ ಆಯ್ತಲ್ಲ.

ವೆಂಕಟೇಶ್:
ಮಂಜುಳಾ ಅವರೇ, ಅದು ಬೇರೆ, ಇದು ಬೇರೆ. ಇದಕ್ಕೆ ‘ಬಡ್ಡಿ ತೀರಿಸುವ ಶಕ್ತಿ’ ಅನ್ನಬಹುದು. ಸುಧಾ ಅವರೇ, ಪರಿಹಾರವೂ ಸುಲಭ ಇದೆ. ಐದು ವರ್ಷದ ಸಾಲವನ್ನು ಎಂಟು ವರ್ಷಕ್ಕೆ ಮಾಡಿಕೊಡಿ. ಕಂತು ಇಳಿಯುತ್ತೆ, ಶಕ್ತಿ ತಾನಾಗಿ ಜಾಸ್ತಿ ಆಗುತ್ತೆ.

ಗೋಪಾಲ್:
ವೆಂಕಟೇಶ್, ಪದ ಅರ್ಧ ಸರಿ. ಪರಿಹಾರ ಮಾತ್ರ ಬೇರೆ ಕಾಯಿಲೆಯದ್ದು. ಅವಧಿ ಎಳೆದರೆ ತಿಂಗಳ ಕಂತು ಇಳಿಯೋದು ನಿಜ. ಆದರೆ ಇಳಿಯೋದು ಕಂತಿನಲ್ಲಿರುವ ಅಸಲಿನ ಭಾಗ. ಅಸಲು ನಿಧಾನವಾಗಿ ಕರಗಿದರೆ ಮುಂದಿನ ವರ್ಷಗಳ ಬಡ್ಡಿ ಇನ್ನೂ ಜಾಸ್ತಿಯೇ ಆಗುತ್ತೆ. ಅಸಲು, ಬಡ್ಡಿ ಎರಡನ್ನೂ ಸೇರಿಸಿ ನೋಡುವ ಇನ್ನೊಂದು ಅಳತೆ ಬ್ಯಾಂಕಿನವರ ಹತ್ತಿರ ಇದೆ, ನೀವು ಹೇಳಿದ್ದರಿಂದ ಅದು ಸುಧಾರಿಸುತ್ತೆ. ಇಲ್ಲಿ ಕೇಳ್ತಿರೋದು ಅದಲ್ಲ. ‘ತೀರಿಸುವ ಶಕ್ತಿ’ ಅಂತ ಬರೆದರೆ ಓದುವವರೂ ನಿಮ್ಮ ಹಾಗೇ ಸಾಲ ತೀರಿಸುವುದರ ಕಡೆ ಹೋಗಿಬಿಡುತ್ತಾರೆ.

ನನ್ನ ಕೇಳಿದರೆ ಇದಕ್ಕೆ ಹೆಸರೇ ಬೇಡ. ವಾಕ್ಯದಲ್ಲೇ ಹೇಳಿ: “ನೀವು ಕಟ್ಟುವ ಬಡ್ಡಿಯ ಒಂದೂವರೆ ಪಟ್ಟು ಮಾತ್ರ ನೀವು ಗಳಿಸುತ್ತಿದ್ದೀರಿ.” ಅದರ ಹಿಂದೆಯೇ ಇದರ ಅಪಾಯವನ್ನೂ ಬರೆಯಿರಿ. ಗಳಿಕೆ ಮೂರರಲ್ಲಿ ಒಂದು ಪಾಲು ಬಿದ್ದರೆ, ಅಂದರೆ 18 ಹೋಗಿ 12 ಆದರೆ, ಗಳಿಸಿದ್ದೆಲ್ಲ ಬಡ್ಡಿಗೇ ಹೋಗುತ್ತೆ. ಒಬ್ಬ ದೊಡ್ಡ ಗಿರಾಕಿ ಕೈಬಿಟ್ಟರೆ ಸಾಕು, ಅಷ್ಟು ಬೀಳಬಹುದು. ಈಗ 30 ಲಕ್ಷ ಶೇ. 10ರ ಬಡ್ಡಿಗೆ ಕೊಟ್ಟರೆ ಬಡ್ಡಿ 15 ಲಕ್ಷ ಆಗುತ್ತೆ. ಮೆಷಿನ್ ದುಡಿಯೋಕೆ ಶುರು ಮಾಡುವವರೆಗೆ ಅನುಪಾತ 1.2ಕ್ಕೆ ಇಳಿದಿರುತ್ತೆ. ‘ಆಗಲ್ಲ’ ಅನ್ನೋದಕ್ಕೆ ನಿಜವಾದ ಕಾರಣ ಇದು.

‘ಲಾಭ’ ಅನ್ನೋ ಪದವನ್ನೂ ನೋಡಿಕೊಂಡು ಹಾಕಿ. ಮಾಲೀಕರು ಲಾಭ ಅಂದರೆ ಲೆಕ್ಕದ ಕೊನೆಯ ಸಾಲು ನೋಡುತ್ತಾರೆ. ಅಲ್ಲಿ ಬಡ್ಡಿ ಆಗಲೇ ಕಳೆದುಹೋಗಿರುತ್ತೆ. ‘ಬಡ್ಡಿ ಕಳೆಯುವ ಮುಂಚಿನ ಗಳಿಕೆ’ ಅಂದರೆ ಉದ್ದ ಆಯ್ತು ನಿಜ, ಆದರೆ ಜಗಳ ತಪ್ಪುತ್ತೆ.

ರಫೀಕ್:
ನಾನು ಇಂಥ ಪತ್ರ ಬರೆಯುವವನಲ್ಲ, ಪಡೆಯುವವನು. ಸಣ್ಣ ವರ್ಕ್‌ಶಾಪ್ ಇದೆ. ‘ದುರ್ಬಲ’ ಅಂತ ಬಂದರೆ ಮುಂದಿನದ್ದು ಯಾರೂ ಓದಲ್ಲ ಮೇಡಂ. ಅವಮಾನ ಆಗುತ್ತೆ. ‘ಕಡಿಮೆ’ ಅಂದರೆ ಸಾಕು.

ನಮ್ಮ ಬ್ಯಾಂಕಿನವರು ನನಗೆ ಹೇಳಿದ್ದು, ಗಿರಾಕಿಗಳಿಂದ ಬಾಕಿ ಬೇಗ ವಸೂಲಿ ಮಾಡಿ ಅಂತ. ಮಾಡಿದೆ. ಒಂದು ತಿಂಗಳು ಮುಂಚೆ ಕೊಟ್ಟರೆ ಬಿಲ್ಲಿನಲ್ಲಿ ಶೇ. 2 ಬಿಡ್ತೀನಿ ಅಂದೆ. ಎಲ್ಲರೂ ಖುಷಿಯಿಂದ ಕೊಟ್ಟರು. ಓಡಿಯೂ ಇಳಿಯಿತು. ಆದರೂ ಮುಂದಿನ ಸಲ ಆ ಅನುಪಾತ ಇನ್ನೂ ಕೆಟ್ಟಿದೆ ಅಂದರು! ಯಾಕೆ ಅಂತ ಯಾರೂ ಬಿಡಿಸಿ ಹೇಳಲಿಲ್ಲ.

ಗೋಪಾಲ್:
ರಫೀಕ್ ಸಾಹೇಬ್ರೇ, ಸುಧಾ ಅವರ ಟಿಪ್ಪಣಿಯಲ್ಲಿ ಇರಲೇಬೇಕಾದ ಮಾತು ಇದೇ. ನಿಮ್ಮ ಲೆಕ್ಕ ನನಗೆ ಗೊತ್ತಿಲ್ಲ, ಅವರ ಡಬ್ಬದವರ ಲೆಕ್ಕದಲ್ಲೇ ಹಾಕಿ ನೋಡೋಣ.

ಅವರ ಗಿರಾಕಿಗಳು 90 ದಿನಕ್ಕೆ ದುಡ್ಡು ಕೊಡ್ತಾರೆ ಅಂದುಕೊಳ್ಳಿ. 200 ಲಕ್ಷದ ವ್ಯಾಪಾರದಲ್ಲಿ ಯಾವಾಗಲೂ ಸುಮಾರು 49 ಲಕ್ಷ ಹೊರಗೇ ಇರುತ್ತೆ. 60 ದಿನಕ್ಕೆ ಬಂದರೆ ಹೊರಗಿರೋದು ಸುಮಾರು 33 ಲಕ್ಷ. ಅಂದರೆ 16 ಲಕ್ಷ ಕೈಗೆ ಬಂತು. ಅದನ್ನು ನೇರ ಓಡಿಗೆ ತುಂಬಿದರೆ, ಶೇ. 12ರ ಬಡ್ಡಿಯಲ್ಲಿ ವರ್ಷಕ್ಕೆ ಎರಡು ಲಕ್ಷಕ್ಕೆ ಸ್ವಲ್ಪ ಕಡಿಮೆ ಉಳಿಯುತ್ತೆ. ಬಡ್ಡಿ 12 ಇದ್ದದ್ದು ಹತ್ತಿರ ಹತ್ತಿರ 10 ಆಗುತ್ತೆ. 18ನ್ನು 10ರಿಂದ ಭಾಗಿಸಿದರೆ 1.8. ಒಳ್ಳೆಯದೇ.

ಇದೇ ಕೆಲಸವನ್ನು ಶೇ. 2 ಬಿಟ್ಟು ಮಾಡಿದರೆ? 200 ಲಕ್ಷಕ್ಕೆ ಶೇ. 2 ಅಂದರೆ 4 ಲಕ್ಷ. ಅದು ಗಳಿಕೆಯಿಂದಲೇ ಹೋಗುತ್ತೆ. 18 ಹೋಗಿ 14. ಬಡ್ಡಿ 10. ಅನುಪಾತ 1.4. ಎರಡು ಲಕ್ಷ ಬಡ್ಡಿ ಉಳಿಸೋಕೆ ನಾಲ್ಕು ಲಕ್ಷ ಕಳೆದುಕೊಂಡ ಹಾಗಾಯ್ತು. ಒಂದು ತಿಂಗಳಿಗೆ ಶೇ. 2 ಬಿಡೋದು ಅಂದರೆ ವರ್ಷಕ್ಕೆ ಶೇ. 24ರ ಬಡ್ಡಿ ಕೊಟ್ಟ ಹಾಗೆ. ಓಡಿಯದ್ದು 12 ಅಷ್ಟೇ.

ರಫೀಕ್:
ಅಯ್ಯೋ, ಇಷ್ಟೇನಾ! ಆದರೆ ಏನೂ ಬಿಡದೆ ಸುಮ್ನೆ ಕೇಳಿದರೆ ಯಾರು ಸ್ವಾಮಿ ಬೇಗ ಕೊಡ್ತಾರೆ? ದೊಡ್ಡ ಗಿರಾಕಿಯನ್ನು ಒತ್ತಾಯ ಮಾಡಿದರೆ ಆರ್ಡರೇ ಹೋಗುತ್ತೆ.

ಗೋಪಾಲ್:
ಅದು ನಿಜ. ಎಲ್ಲರ ಹತ್ತಿರವೂ ನಡೆಯಲ್ಲ. ಬಿಲ್ಲು ಸಾಮಾನು ಹೋದ ದಿನವೇ ಹೋಗಲಿ, ವಾರ ಬಿಟ್ಟು ಅಲ್ಲ. ಬರೀ ಅದರಿಂದಲೇ ಕೆಲವು ದಿನ ಉಳಿಯುತ್ತೆ, ಆರ್ಡರೂ ಹೋಗಲ್ಲ.

ಸುಧಾ:
ಎಲ್ಲರಿಗೂ ಥ್ಯಾಂಕ್ಸ್. ಹೊಸ ಕರಡು ಹೀಗಿದೆ:

“ಕಳೆದ ವರ್ಷ ಬಡ್ಡಿ ಕಳೆಯುವ ಮುಂಚೆ ನಿಮ್ಮ ಗಳಿಕೆ 18 ಲಕ್ಷ, ಕಟ್ಟಿದ ಬಡ್ಡಿ 12 ಲಕ್ಷ. ಅಂದರೆ ಗಳಿಕೆ ಬಡ್ಡಿಯ ಒಂದೂವರೆ ಪಟ್ಟು ಇದೆ. ಎರಡು ಪಟ್ಟಾದರೂ ಇದ್ದರೆ ಹೊಸ ಸಾಲದ ಅರ್ಜಿ ಮುಂದೆ ತೆಗೆದುಕೊಳ್ಳಬಹುದು. ಬಾಕಿ ವಸೂಲಿ 90 ದಿನದಿಂದ 60 ದಿನಕ್ಕೆ ಇಳಿದು, ಬಂದ ಹಣ ಓಡಿಗೆ ಹೋದರೆ ಇದು 1.8ರ ಹತ್ತಿರ ಬರುತ್ತದೆ. ಅದಕ್ಕಾಗಿ ಬೆಲೆಯಲ್ಲಿ ರಿಯಾಯಿತಿ ಕೊಡಬೇಡಿ, ಗಳಿಕೆಯೇ ಕರಗುತ್ತದೆ. ಇದರ ಮೇಲೆ ಗಳಿಕೆ ಎರಡು ಲಕ್ಷ ಹೆಚ್ಚಿದರೆ ಎರಡು ಪಟ್ಟು ತಲುಪುತ್ತೀರಿ. ಹಳೆಯ ಮೆಷಿನ್ ಮಾರಿ ಬಂದ ಲಾಭವನ್ನು ಈ ಗಳಿಕೆಗೆ ಸೇರಿಸುವುದಿಲ್ಲ, ಅದು ಪ್ರತಿವರ್ಷ ಬರುವ ಹಣವಲ್ಲ.”

ಇನ್ನೊಂದು ತೊಡಕು ಉಳಿದಿದೆ. ಪತ್ರದ ಜೊತೆ ಒಂದು ಕೋಷ್ಟಕ ಹೋಗುತ್ತೆ. ಅದರಲ್ಲಿ ವಾಕ್ಯ ಹಿಡಿಯಲ್ಲ, ಒಂದೆರಡು ಪದ ಬೇಕು. ‘ಬಡ್ಡಿಗೆ ಗಳಿಕೆಯ ಪಟ್ಟು’ ಆಗಬಹುದಾ?

ವೆಂಕಟೇಶ್:
‘ಪಟ್ಟು’ ಅಂದರೆ ಹಠ ಅಂತ ಓದಿಕೊಂಡರೆ? ‘ಬಡ್ಡಿ ಭರಿಸುವ ಅನುಪಾತ’ ಇರಲಿ.

ಗೋಪಾಲ್:
ನನಗೆ ‘ಪಟ್ಟು’ ಒಪ್ಪಿಗೆ. ಪಕ್ಕದಲ್ಲಿ 1.5 ಅಂತ ಅಂಕಿ ಇದ್ದಾಗ ಯಾರೂ ಹಠ ಅಂದುಕೊಳ್ಳಲ್ಲ. ಆದರೆ ಸುಧಾ ಅವರೇ, ಆ 18 ಲಕ್ಷ ಸವಕಳಿ, ಅಂದರೆ ಮೆಷಿನ್ ಸವೆತಕ್ಕೆ ಅಂತ ಲೆಕ್ಕದಲ್ಲಿ ಹಿಡಿಯುವ ಖರ್ಚು, ಕಳೆದ ಮೇಲಿನದ್ದಾ, ಮುಂಚಿನದ್ದಾ? ಕೆಲವು ಬ್ಯಾಂಕು ಸವಕಳಿಯನ್ನು ಮತ್ತೆ ಕೂಡಿಸಿ ನೋಡುತ್ತವೆ.

ಸುಧಾ:
ಕಳೆದ ಮೇಲಿನದ್ದು. ಸವಕಳಿ 6 ಲಕ್ಷ ಇದೆ. ಕೂಡಿಸಿದರೆ 24 ಆಗಿ, ಈಗಲೇ ಎರಡು ಪಟ್ಟು ಬಂದುಬಿಡುತ್ತೆ. ನಮ್ಮಲ್ಲಿ ಕೂಡಿಸಲ್ಲ. ಅದನ್ನು ಟಿಪ್ಪಣಿಯಲ್ಲಿ ಸೇರಿಸುತ್ತೇನೆ, ಇಲ್ಲದಿದ್ದರೆ ಅವರ ಆಡಿಟರ್ ಮೊದಲು ಕೇಳೋದು ಅದನ್ನೇ.